ಅಜ್ಜಿಯ ಮಂಡಿನೋವು ಮತ್ತು 22 ಮೆಟ್ಟಿಲು

ಮನೆ ಕಟ್ಟಿಸಲು ಹೊರಟವರು ಈಗ ಎಂಜಿನಿಯರ್, ಮೇಸ್ತ್ರಿಯರ ಜೊತೆಗೆ ಚಾಟ್‌ಬಾಟ್‌ನ ಮುಂದೆಯೂ ಕೂರುತ್ತಾರೆ. ಒಂದು ರಾತ್ರಿ ಸಂಪಿನ ಅಳತೆ, ಇನ್ನೊಂದು ರಾತ್ರಿ ಅಡುಗೆಕಟ್ಟೆಯ ಎತ್ತರ, ಭಾನುವಾರ ಕಿಟಕಿಗಳ ಲೆಕ್ಕ. ಹೀಗೆ ಆರೇಳು ತಿಂಗಳಲ್ಲಿ ಹತ್ತಾರು ಮಾತುಕತೆಗಳು ಸೇರಿಬಿಡುತ್ತವೆ. ಒಂದೊಂದನ್ನೂ ಬಿಡಿಯಾಗಿ ಓದಿದರೆ ಎಲ್ಲವೂ ಸರಿಯೇ. ಒಟ್ಟಿಗೆ ಇಟ್ಟು ನೋಡಿದರೆ ಮಾರ್ಚ್‌ನಲ್ಲಿ ಹೇಳಿದ್ದಕ್ಕೂ ಜೂನ್‌ನಲ್ಲಿ ಹೇಳಿದ್ದಕ್ಕೂ ತಾಳೆಯಾಗುವುದಿಲ್ಲ.

ಇದಕ್ಕೆ ಕಾರಣ ಆ ಯಂತ್ರ ಕೆಲಸ ಮಾಡುವ ರೀತಿಯಲ್ಲೇ ಇದೆ. ಭಾಷಾ ಮಾದರಿ ನಮ್ಮ ಮಾತನ್ನು ಕೇಳಿಸಿಕೊಂಡು ತನ್ನೊಳಗೆ ಇಟ್ಟುಕೊಳ್ಳುವುದಿಲ್ಲ. ನಾವು ಪ್ರತಿ ಸಲ ಪ್ರಶ್ನೆ ಕಳಿಸಿದಾಗ ಆ ಮಾತುಕತೆಯ ಹಿಂದಿನ ಪಠ್ಯವನ್ನೂ ಅದಕ್ಕೆ ಮತ್ತೆ ಉಣಿಸಲಾಗುತ್ತದೆ; ಅದು ಮೊದಲಿನಿಂದ ಓದಿ ಮುಂದಿನ ಉತ್ತರ ಕಟ್ಟುತ್ತದೆ. ಹೀಗೆ ಒಮ್ಮೆಗೆ ಓದಬಲ್ಲ ಪಠ್ಯಕ್ಕೆ ಮಿತಿಯಿದೆ. ಅದನ್ನು ಟೋಕನ್ ಎಂಬ ಪದದ ತುಣುಕುಗಳಲ್ಲಿ ಅಳೆಯುತ್ತಾರೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದಾಗ ಈ ಮಿತಿ ಕೆಲವೇ ಸಾವಿರವಿತ್ತು. ಈಗ ಲಕ್ಷ ದಾಟಿದ ಮಾದರಿಗಳಿವೆ. ಕನ್ನಡದಲ್ಲಿ ಬರೆದರೆ ಅದೇ ವಿಷಯಕ್ಕೆ ಇಂಗ್ಲಿಷಿಗಿಂತ ಹೆಚ್ಚು ತುಣುಕು ಬೇಕಾಗುವುದು ಸಾಮಾನ್ಯ. ಹಾಗಾಗಿ ನಮ್ಮ ಮಿತಿ ಬೇಗ ತುಂಬುತ್ತದೆ.

ಮಿತಿ ದೊಡ್ಡದಾದ ಮಾತ್ರಕ್ಕೆ ತಾಪತ್ರಯ ತೀರಲಿಲ್ಲ. ನೆಲ್ಸನ್ ಲಿಯು ಮತ್ತು ಸಂಗಡಿಗರು 2023ರಲ್ಲಿ ಪರೀಕ್ಷೆ ಮಾಡಿ ತೋರಿಸಿದ ಸಂಗತಿ ಕುತೂಹಲದ್ದು: ಉದ್ದದ ಪಠ್ಯದ ಆರಂಭದಲ್ಲೋ ಕೊನೆಯಲ್ಲೋ ಇರುವ ಮಾಹಿತಿಯನ್ನು ಮಾದರಿಗಳು ಚೆನ್ನಾಗಿ ಬಳಸುತ್ತವೆ, ನಡುವೆ ಸಿಕ್ಕಿಕೊಂಡದ್ದು ಎಷ್ಟೋ ಸಲ ತಪ್ಪಿಹೋಗುತ್ತದೆ. ಇನ್ನು ಹೊಸ ಚಾಟ್ ತೆರೆದರೆ ಕಥೆಯೇ ಬೇರೆ. ಕೆಲವು ಆ್ಯಪ್‌ಗಳು ಹಳೆಯ ಮಾತಿನಿಂದ ಒಂದಿಷ್ಟನ್ನು ಉಳಿಸಿಕೊಳ್ಳುತ್ತವೆ, ನಿಜ. ಆದರೆ ಏನನ್ನು ಉಳಿಸಬೇಕೆಂದು ಬಹುಮಟ್ಟಿಗೆ ಅವೇ ತೀರ್ಮಾನಿಸುತ್ತವೆ. ಪ್ರತಿ ಚಾಟಿನ ಕೊನೆಯಲ್ಲಿ ಸಾರಾಂಶ ಬರೆಸಿ ಅದನ್ನು ಮುಂದಿನದಕ್ಕೆ ಒಯ್ಯುವವರೂ ಇದ್ದಾರೆ. ಸಾರಾಂಶದ ಸಾರಾಂಶದ ಸಾರಾಂಶವೆಂದರೆ ಕಿವಿಯಿಂದ ಕಿವಿಗೆ ದಾಟಿದ ಸುದ್ದಿಯಿದ್ದ ಹಾಗೆ. ಅಂಕಿ ಉಳಿಯುತ್ತದೆ, ಅದು ಹಾಗೇಕೆ ಎಂಬುದು ಉದುರಿಹೋಗುತ್ತದೆ.

ಈ ಕಾರಣಕ್ಕೇ ಕೆಲವರು ಚಾಟಿನ ಹೊರಗೆ ಒಂದು ಸ್ಪ್ರೆಡ್‌ಶೀಟ್ ಇಡುತ್ತಾರೆ. ಸಾಫ್ಟ್‌ವೇರ್ ಕಟ್ಟುವವರಿಗೆ ಇದು ಹೊಸತಲ್ಲ. 2011ರಲ್ಲಿ ಮೈಕೆಲ್ ನೈಗಾರ್ಡ್ ಬರೆದ ಪುಟ್ಟ ಲೇಖನದ ನಂತರ, ತೀರ್ಮಾನ, ಅದರ ಸಂದರ್ಭ, ಸ್ಥಿತಿ, ಪರಿಣಾಮ ಇಷ್ಟನ್ನು ಚಿಕ್ಕದಾಗಿ ದಾಖಲಿಸುವ ರೂಢಿ ಅವರಲ್ಲಿ ಹರಡಿತು. ಮನೆಯ ಶೀಟಿಗೆ ಆರು ಕಾಲಂ ಸಾಕು: ಸಂಖ್ಯೆ, ದಿನಾಂಕ, ತೀರ್ಮಾನ, ಕಾರಣ, ಸ್ಥಿತಿ, ಮತ್ತು ಈ ತೀರ್ಮಾನ ಬೇರೆ ಯಾವುದರ ಮೇಲೆ ನಿಂತಿದೆ ಎಂಬುದು. ಕೊನೆಯ ಕಾಲಂ ಇಲ್ಲದ ಶೀಟುಗಳೇ ಹೆಚ್ಚು. ನನ್ನ ಲೆಕ್ಕದಲ್ಲಿ ಅವು ಬರೀ ಡೈರಿ.

ಒಂದು ಮೆಟ್ಟಿಲಿನ ಲೆಕ್ಕ ಹಾಕೋಣ. 30-40ರ ಸೈಟು, ಮೇಲೊಂದು ಮಹಡಿ. ನೆಲದಿಂದ ಮೇಲಿನ ನೆಲಕ್ಕೆ 10 ಅಡಿ ಎಂದು ನಿಶ್ಚಯವಾಯಿತು. ಶೀಟಿನಲ್ಲಿ ಅದು D04. ಒಂದೊಂದು ಮೆಟ್ಟಿಲಿನ ಎತ್ತರ 6 ಇಂಚು, ಅದು D09. ಕಾರಣದ ಕಾಲಂನಲ್ಲಿ 'ಅಜ್ಜಿಗೆ ಮಂಡಿನೋವು, 6 ಇಂಚಿಗಿಂತ ಹೆಚ್ಚು ಹತ್ತಲಾರರು' ಎಂದಿದೆ. 10 ಅಡಿಯೆಂದರೆ 120 ಇಂಚು, ಆರರಿಂದ ಭಾಗಿಸಿದರೆ 20 ಏರು. ಅರ್ಧದಲ್ಲಿ ತಿರುಗುವ ಮೆಟ್ಟಿಲಾದ್ದರಿಂದ ಒಂದೊಂದು ಸಾಲಿಗೆ 10 ಏರು, ಕಾಲಿಡಲು 9 ಹಲಗೆ. ಹಲಗೆಯ ಅಗಲ 10 ಇಂಚಾದರೆ 90 ಇಂಚು, ಅಂದರೆ ಏಳೂವರೆ ಅಡಿ. ತಿರುಗುವ ಕಡೆ 3 ಅಡಿಯ ಲ್ಯಾಂಡಿಂಗ್ ಸೇರಿಸಿದರೆ ಮೆಟ್ಟಿಲಿನ ಜಾಗ ಹತ್ತೂವರೆ ಅಡಿ ಉದ್ದ. ಇದು D11, ನಿಂತಿರುವುದು D04 ಮತ್ತು D09ರ ಮೇಲೆ. ಅದರ ಮಗ್ಗುಲಿಗೆ ಉಳಿದ 4 ಅಡಿಯಲ್ಲಿ ದೇವರಮನೆ. ಅದು D14, ನಿಂತಿರುವುದು D11ರ ಮೇಲೆ.

ಎರಡು ತಿಂಗಳಾದ ಮೇಲೆ ಬೇರೊಂದು ಚಾಟಿನಲ್ಲಿ ಸೆಕೆಯ ಮಾತು ಬಂತು ಎಂದಿಟ್ಟುಕೊಳ್ಳಿ. ಸೂರು ಎತ್ತರವಾದರೆ ತಂಪು, ಫಾಲ್ಸ್ ಸೀಲಿಂಗಿಗೂ ಜಾಗ ಸಿಗುತ್ತದೆ, 11 ಅಡಿ ಮಾಡೋಣ ಎಂದಾಯಿತು. ಆ ಚಾಟಿನಲ್ಲಿ ಮೆಟ್ಟಿಲಿನ ಪ್ರಸ್ತಾಪವೇ ಇಲ್ಲ. ಈಗ 132 ಇಂಚು, ಏರುಗಳು 22. ಸಾಲಿಗೆ 11 ಏರು, 10 ಹಲಗೆ, 100 ಇಂಚು. ಲ್ಯಾಂಡಿಂಗ್ ಸೇರಿ 11 ಅಡಿ 4 ಇಂಚು. ಮೆಟ್ಟಿಲು 10 ಇಂಚು ಮುಂದಕ್ಕೆ ಬಂದು ದೇವರಮನೆ 3 ಅಡಿ 2 ಇಂಚಿಗೆ ಕುಗ್ಗಿತು.

ಎತ್ತರ ಬದಲಾದ ದಿನವೇ ಇದು ಕಣ್ಣಿಗೆ ಬೀಳಬೇಕಾದರೆ ಗೂಗಲ್ ಶೀಟ್ಸ್‌ನಲ್ಲಿ ಈ ಆರು ಕಾಲಂಗಳ ಆಚೆಗಿನ ಒಂದು ಖಾಲಿ ಕೋಣೆಯಲ್ಲಿ ಇಷ್ಟು ಬರೆದರಾಯಿತು. ಇಲ್ಲಿ ಆರನೆಯ ಕಾಲಂ F:

```
=FILTER(A2:F200, ISNUMBER(SEARCH("D04", F2:F200)))
```

D04ನ್ನು ನೆಚ್ಚಿಕೊಂಡ ಸಾಲುಗಳೆಲ್ಲ ಬರುತ್ತವೆ, ಇಲ್ಲಿ D11. ಮತ್ತೆ D11 ಎಂದು ಹಾಕಿ ಹುಡುಕಿದರೆ ದೇವರಮನೆ ಹೊರಬರುತ್ತದೆ. ಏನೂ ಸಿಗದಾಗುವ ತನಕ ಹೀಗೆ ಹಿಡಿದು ಹೋಗಬೇಕು. D4 ಎಂದು ಬರೆಯದೆ D04 ಎಂದು ಬರೆಯುವುದು ಶಿಸ್ತಿಗಾಗಿ ಅಲ್ಲ. D4 ಎಂದು ಹುಡುಕಿದರೆ D41, D42 ಕೂಡ ಬಂದು ಕೂರುತ್ತವೆ.

ಈಗ ಕಾರಣದ ಕಾಲಂಗೆ ಬರೋಣ. ಹೊಸ ಚಾಟಿಗೆ 11 ಅಡಿ ಎತ್ತರ, ಹತ್ತೂವರೆ ಅಡಿ ಜಾಗ ಎಂದು ಅಂಕಿ ಮಾತ್ರ ಕೊಟ್ಟರೆ, ಬರುವ ಪರಿಹಾರ ಬಲು ಅಚ್ಚುಕಟ್ಟಾಗಿರುತ್ತದೆ: ಏರನ್ನು ಸುಮಾರು 7 ಇಂಚು ಮಾಡಿ, 19 ಏರಿನಲ್ಲಿ ಮುಗಿಯುತ್ತದೆ, ದೇವರಮನೆಗೆ ತೊಂದರೆಯಿಲ್ಲ. ಲೆಕ್ಕದಲ್ಲಿ ತಪ್ಪು ಹುಡುಕಲಾಗದು. 7 ಇಂಚಿನ ಮೆಟ್ಟಿಲು ಊರ ತುಂಬ ಇದೆ. ಅಜ್ಜಿ ಮಾತ್ರ ಕೆಳಗೇ ಉಳಿಯುತ್ತಾರೆ. D09ರ ಪಕ್ಕದಲ್ಲಿ ಮಂಡಿನೋವು ಎಂಬ ಮಾತು ಇದ್ದರೆ ಆ ದಾರಿ ಮೊದಲೇ ಮುಚ್ಚುತ್ತದೆ. ಆಗ ಉಳಿಯುವ ಆಯ್ಕೆ ಎರಡು: ದೇವರಮನೆಯನ್ನು ಬೇರೆಡೆ ಇಡುವುದು ಅಥವಾ 11 ಅಡಿಯ ಆಸೆ ಬಿಡುವುದು. ಅದನ್ನು ಮನೆಯವರು ಕೂತು ಮಾತಾಡಬೇಕು.

ಶೀಟು ಕೆಡುವುದೂ ಉಂಟು, ಬಹಳ ಸಲ ಸ್ಥಿತಿಯ ಕಾಲಂನಲ್ಲೇ. 11 ಅಡಿ ಬಂತೆಂದು 10 ಅಡಿಯ ಸಾಲನ್ನು ಅಳಿಸಿದರೆ, ಅದನ್ನು ನೆಚ್ಚಿದ್ದ D11 ಇಲ್ಲದ ಸಂಖ್ಯೆಯ ಮೇಲೆ ನಿಲ್ಲುತ್ತದೆ. ಅಳಿಸದೆ 'ರದ್ದು, ನೋಡಿ D23' ಎಂದು ಬರೆದು, ಹೊಸತನ್ನು D23 ಎಂದೇ ಸೇರಿಸಬೇಕು. ಇನ್ನೊಂದು ಕೇಡು ಸದ್ದಿಲ್ಲದ್ದು. ಮಾತುಕತೆಯ ಕೊನೆಗೆ ಚಾಟ್‌ಬಾಟ್‌ನಿಂದಲೇ ಸಾಲುಗಳನ್ನು ಬರೆಸಿದರೆ, 'ಹೀಗೂ ಮಾಡಬಹುದು' ಎಂದು ಅದು ಹೇಳಿದ್ದು 'ಹೀಗೆ ತೀರ್ಮಾನಿಸಲಾಗಿದೆ' ಎಂದಾಗಿ ಶೀಟಿಗೆ ಇಳಿಯಬಹುದು. ಕಾರಣದ ಕಾಲಂ ಓದಿದಾಗ ಇದು ಗೊತ್ತಾಗುತ್ತದೆ: ಅಲ್ಲಿ ಮನೆಯ ಯಾರ ಮಾತೂ ಇರುವುದಿಲ್ಲ, 'ಸೌಂದರ್ಯ ಮತ್ತು ಅನುಕೂಲಕ್ಕಾಗಿ' ಎಂಬಂಥ, ಯಾವ ಮನೆಗೂ ಹೊಂದುವ ಮಾತಿರುತ್ತದೆ. ಅಂಥದ್ದನ್ನು ಸ್ಥಿತಿಯ ಕಾಲಂನಲ್ಲಿ 'ಪ್ರಸ್ತಾಪ' ಎಂದೇ ಇಡಬೇಕು, ಮನೆಯವರು ಒಪ್ಪಿದ ಮೇಲಷ್ಟೇ 'ಜಾರಿ'. ಪಿಲ್ಲರ್, ಬೀಮ್, ಕಬ್ಬಿಣದ ಸಾಲುಗಳಿಗೆ ಎಂಜಿನಿಯರ್ ನಕ್ಷೆಯ ಸಂಖ್ಯೆ ಬಾರದ ಹೊರತು 'ಜಾರಿ' ಎಂಬ ಮಾತೇ ಸಲ್ಲದು.

ಹೊಸ ಚಾಟ್ ತೆರೆದಾಗ ಇಡೀ ಶೀಟನ್ನು ಸುರಿಯುವ ಅಗತ್ಯವಿಲ್ಲ. 'ಜಾರಿ' ಎಂದಿರುವ, ಅಂದಿನ ವಿಷಯಕ್ಕೆ ಸೇರಿದ ಹತ್ತಿಪ್ಪತ್ತು ಸಾಲುಗಳನ್ನು ಮೊದಲಿಗೇ ಅಂಟಿಸಿದರೆ ಅವು ಪಠ್ಯದ ಆರಂಭದಲ್ಲಿರುತ್ತವೆ, ನಡುವೆ ಕಳೆಯುವುದಿಲ್ಲ.

ಕಟ್ಟಡ ಏಳತೊಡಗಿದ ಮೇಲೆ ಇನ್ನೊಂದು ಸ್ಥಿತಿ ಬೇಕಾಗುತ್ತದೆ: 'ಕಟ್ಟಿಯಾಯಿತು'. ಅದರ ಜೊತೆ ಟೇಪು ಹಿಡಿದು ಅಳೆದ ಅಂಕಿ. 11 ಅಡಿ ಎಂದದ್ದು ಮೋಲ್ಡ್ ಹಾಕಿದ ಮೇಲೆ 10 ಅಡಿ 11 ಇಂಚಾಗಿರಬಹುದು. ಮೆಟ್ಟಿಲು ಕಟ್ಟುವ ಮೊದಲೇ ಅದು ಶೀಟಿಗೆ ಬಂದರೆ 131 ಇಂಚನ್ನು 22ಕ್ಕೆ ಹಂಚಬಹುದು, ಒಂದೊಂದು ಏರಿನಲ್ಲೂ ಕೂದಲೆಳೆಯಷ್ಟು ವ್ಯತ್ಯಾಸ. ಬಾರದಿದ್ದರೆ ಮೇಸ್ತ್ರಿ ಕೆಳಗಿನಿಂದ ಆರಾರು ಇಂಚು ಕಟ್ಟುತ್ತಾ ಹೋಗಿ, ಕೊನೆಯ ಏರನ್ನು 5 ಇಂಚಿಗೆ ಮುಗಿಸುತ್ತಾನೆ. 21 ಏರನ್ನು ಒಂದೇ ಅಳತೆಯಲ್ಲಿ ಹತ್ತಿದ ಕಾಲು 22ನೆಯದಕ್ಕೂ ಅಷ್ಟೇ ಏಳುತ್ತದೆ. ಅಜ್ಜಿ ಎಡವುವುದು ಅಲ್ಲೇ.