ಕಣ್ಣೀರು ಬಾರದಿದ್ದರೆ ದುಃಖ ಇಲ್ಲವೆಂದಲ್ಲ

ಮರಣದ ಮನೆಯಲ್ಲಿ ನಾವೆಲ್ಲ ನೋಡಿದ್ದೇವೆ. ಒಳಗೆ ಉಮ್ಮ, ಪೆಂಗಳ್‌ಮಾರೆಲ್ಲ ಅಳುತ್ತಿರುತ್ತಾರೆ. ಮಗ ಮಾತ್ರ ಬಂದವರಿಗೆ ಕುರ್ಚಿ ಹಾಕುತ್ತಾ, ಕಬರ್ ತೋಡುವವರಿಗೆ ಫೋನ್ ಮಾಡುತ್ತಾ ಓಡಾಡುತ್ತಿರುತ್ತಾನೆ. 'ಉಪ್ಪ ಹೋದರೂ ಇವನಿಗೆ ಒಂದು ಹನಿ ಬರಲಿಲ್ಲ ಮಾರಾಯ್ರೆ' ಎಂದು ಆಡಿಕೊಳ್ಳುವವರೂ ಉಂಟು.

ಅತ್ತರೆ ಮನಸ್ಸು ಹಗುರ ಆಗ್ತದೆ ಅಂತ ನಾವು ಹೇಳುತ್ತೇವಲ್ಲ, ಅದು ನಿಜ, ಆದರೆ ಕೂಡಲೇ ಅಲ್ಲ. ನೆದರ್ಲ್ಯಾಂಡ್ಸ್‌ನ ಟಿಲ್ಬರ್ಗ್ ವಿಶ್ವವಿದ್ಯಾನಿಲಯದ ಆಡ್ ವಿಂಗರ್‌ಹೂಟ್ಸ್ ಮತ್ತು ಸಂಗಡಿಗರು 60 ಜನರಿಗೆ ದುಃಖದ ಸಿನಿಮಾ ತೋರಿಸಿ ಇದನ್ನು ಪರೀಕ್ಷಿಸಿದರು. 2015ರಲ್ಲಿ ಅದು ಪ್ರಕಟವಾಯಿತು. ಸಿನಿಮಾ ಮುಗಿದಾಗ ಅತ್ತವರ ಮನಸ್ಸು ಮೊದಲಿಗಿಂತ ಕುಗ್ಗಿತ್ತು. 20 ನಿಮಿಷದ ಬಳಿಕ ಮೊದಲಿನ ಸ್ಥಿತಿಗೆ ಬಂತು. ಒಂದೂವರೆ ಗಂಟೆಯ ನಂತರ ಸಿನಿಮಾಕ್ಕೆ ಮುಂಚೆ ಇದ್ದುದಕ್ಕಿಂತಲೂ ಚೆನ್ನಾಗಿತ್ತು. ಅಳದವರಲ್ಲಿ ಅಂಥ ಏರಿಳಿತ ಕಾಣಲಿಲ್ಲ.

ಅಳುವಾಗ ಎದೆ ಜೋರಾಗಿ ಹೊಡೆದುಕೊಳ್ಳುತ್ತದೆ, ನಿಂತ ಮೇಲೆ ಉಸಿರು ನಿಧಾನವಾಗುತ್ತದೆ. ಪಕ್ಕದಲ್ಲಿ ಯಾರಿದ್ದಾರೆ ಎಂಬುದೂ ಮುಖ್ಯ. ಹೆಗಲಿಗೆ ಕೈಹಾಕುವವರಿದ್ದರೆ ಸಮಾಧಾನ ಸಿಗುತ್ತದೆ. 'ಗಂಡಸಾಗಿ ಅಳ್ತೀಯಾ' ಎನ್ನುವವರಿದ್ದರೆ ಅತ್ತದ್ದೂ ನಾಚಿಕೆಯಾಗಿ ಉಳಿಯುತ್ತದೆ.

ಇನ್ನು ಜುಬೈಲಿನಲ್ಲಿ ದುಡಿಯುವ ನಮ್ಮ ಕಡೆಯ ಒಬ್ಬ ಹುಡುಗ ಎಂದಿಟ್ಟುಕೊಳ್ಳಿ. ಡ್ಯೂಟಿಯಲ್ಲಿದ್ದಾಗ ಉಪ್ಪ ತೀರಿದ ಸುದ್ದಿ ಬರುತ್ತದೆ. ರಜೆ ಸಿಗುವುದಿಲ್ಲ, ಮಯ್ಯಿತ್ ನೋಡುವುದು ವಿಡಿಯೊ ಕಾಲ್‌ನಲ್ಲಿ. ಮರುದಿನ ಮತ್ತೆ ಶಿಫ್ಟ್. ರೂಮಿನಲ್ಲಿ ಆರು ಜನ, ಅಳುವುದಾದರೂ ಎಲ್ಲಿ? ನಾಲ್ಕು ತಿಂಗಳ ಮೇಲೆ ಊರಿಗೆ ಬಂದು, ಬಾಗಿಲ ಬಳಿ ಉಪ್ಪನ ಚಪ್ಪಲಿ ಕಂಡಾಗ ಒಮ್ಮೆಲೇ ಅಳು ಬಂದುಬಿಡುತ್ತದೆ. ಇದು ಕಾಯಿಲೆಯಲ್ಲ. ಅಲ್ಲಿ ತಡೆದಿಟ್ಟದ್ದು ಇಲ್ಲಿ ಜಾಗ ಸಿಕ್ಕಾಗ ಬಂದದ್ದು, ಅಷ್ಟೆ.

ಆದರೆ ಊರಿಗೆ ಬಂದರೂ ಅಳು ಬಾರದೆ, ನಿದ್ದೆ ಕೆಟ್ಟು, ಮಕ್ಕಳ ಆಟವೂ ಬೇಡವಾಗಿದ್ದರೆ ಖಿನ್ನತೆಯೇ ಎಂದು ನೋಡಬೇಕು. ಖಿನ್ನತೆ ಅಳೆಯಲು ವೈದ್ಯರು ಬಳಸುವ ಬೆಕ್ ಪ್ರಶ್ನಾವಳಿಯಲ್ಲಿ ಅಳುವಿನ ಪ್ರಶ್ನೆಯೂ ಇದೆ. ಅದರಲ್ಲಿ ಹೆಚ್ಚು ಅಂಕ ತುಂಬಾ ಅಳುವವರಿಗಲ್ಲ, ಅಳಬೇಕೆನಿಸಿದರೂ ಅಳಲಾಗದವರಿಗೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೂ ಅಳುವನ್ನು ಕಡಿಮೆ ಮಾಡುತ್ತವೆ. ಮಾತ್ರೆ ಶುರುವಾದ ಮೇಲೆ ಅಳುವಿನ ಜೊತೆ ನಗುವೂ ಮಂಕಾಗಿದ್ದರೆ ವೈದ್ಯರಿಗೆ ಹೇಳಬೇಕು, ಡೋಸ್ ಬದಲಿಸುತ್ತಾರೆ. ನಾವೇ ಮಾತ್ರೆ ನಿಲ್ಲಿಸಬಾರದು.

ಅಳುವುದು ದೀನಿಗೆ ವಿರುದ್ಧ ಎಂದು ತಡೆದುಕೊಳ್ಳುವವರೂ ನಮ್ಮಲ್ಲಿದ್ದಾರೆ. ನಿಷೇಧ ಇರುವುದು ಎದೆ ಬಡಿದು, ಬಟ್ಟೆ ಹರಿದುಕೊಂಡು ಗೋಳಾಡುವುದಕ್ಕೆ. ಮಗು ಇಬ್ರಾಹೀಮ್ ತೀರಿಕೊಂಡಾಗ ಪ್ರವಾದಿಯವರ (ಸ.ಅ) ಕಣ್ಣಲ್ಲೂ ನೀರಿತ್ತು. ಅಚ್ಚರಿಯಿಂದ ಕೇಳಿದ ಸಹಾಬಿಗೆ ಅವರು ಅದನ್ನು ಕರುಣೆ ಎಂದೇ ತಿಳಿಸಿದ್ದರು.