ಏಜೆಂಟ್ ಪ್ರೊಫೈಲಿನಲ್ಲಿ ಟೀಂ ಲೀಡರ್ ಕಾಣುವುದು ಎಲ್ಲಿ?

‘ತಂಡದ ಅಟ್ರಿಷನ್ ಶೇ. 40ರಷ್ಟು ಇಳಿಸಿದ್ದೇನೆ.’ ಬೆಂಗಳೂರಿನ ಕಾಲ್ ಸೆಂಟರ್‌ಗಳಿಗೆ ಟೀಂ ಲೀಡರ್‌ಗಳನ್ನು ಹುಡುಕುವವರು ಲಿಂಕ್ಡ್‌ಇನ್‌ನಲ್ಲೋ ನೌಕ್ರಿಯಲ್ಲೋ ಇಂಥ ಸಾಲನ್ನು ಕಂಡರೆ, ತಕ್ಷಣ ಕಣ್ಣು ಹಾಯಿಸುವುದು ಅದರ ಮೇಲಿರುವ ಹುದ್ದೆಯ ಹೆಸರಿನ ಕಡೆಗೆ. ಅಲ್ಲಿ ‘ಕಸ್ಟಮರ್ ಸರ್ವಿಸ್ ಅಸೋಸಿಯೇಟ್’ ಎಂದಿದ್ದರೆ ಅನುಮಾನ ಶುರು. ರಜೆ ಕೊಡುವವರು ಟಿಎಲ್, ಶಿಫ್ಟ್ ಹಾಕುವವರು ಬೇರೆ ವಿಭಾಗದವರು, ಸಂಬಳದ ಮಾತು ಎಚ್‌ಆರ್‌ಗೆ ಸೇರಿದ್ದು. ಇವ್ಯಾವೂ ಕೈಯಲ್ಲಿಲ್ಲದ ಏಜೆಂಟ್, ಜನ ಕೆಲಸ ಬಿಟ್ಟು ಹೋಗುವುದನ್ನು ತಡೆದದ್ದು ಹೇಗೆ? ತಡೆದಿರಲೂಬಹುದು. ಆ ಸಾಲು ಅದನ್ನು ಹೇಳುತ್ತಿಲ್ಲ, ಅಷ್ಟೇ.

ಲೆಕ್ಕವನ್ನೇ ನೋಡಿ. ಅಟ್ರಿಷನ್ ಎಂದರೆ ಒಂದು ಅವಧಿಯಲ್ಲಿ ಬಿಟ್ಟು ಹೋದವರ ಸಂಖ್ಯೆಯನ್ನು ಆ ಅವಧಿಯ ಸರಾಸರಿ ಜನಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸಿದ್ದು. 15 ಜನರ ತಂಡದಲ್ಲಿ ಹಿಂದಿನ ಆರು ತಿಂಗಳಲ್ಲಿ 5 ಮಂದಿ ಬಿಟ್ಟಿದ್ದರು, ಈ ಆರು ತಿಂಗಳಲ್ಲಿ 3 ಮಂದಿ ಬಿಟ್ಟರು ಎಂದುಕೊಳ್ಳಿ. ಐದಕ್ಕೆ ಮೂರು, ಅಂದರೆ ಶೇ. 40 ಇಳಿಕೆ! ಆದರೆ ಆ ದೊಡ್ಡ ಅಂಕಿಯ ಹಿಂದೆ ಇರುವುದು ಇಬ್ಬರೇ. ಒಬ್ಬರು ಮದುವೆಯನ್ನು ಮುಂದಕ್ಕೆ ಹಾಕಿರಬಹುದು, ಇನ್ನೊಬ್ಬರಿಗೆ ಪಕ್ಕದ ಕಂಪನಿಯ ಆಫರ್ ಕೈತಪ್ಪಿರಬಹುದು. ಹತ್ತು ವರ್ಷ ಫ್ಲೋರ್ ನೋಡಿದ ಮ್ಯಾನೇಜರ್ ಸಂದರ್ಶನದಲ್ಲಿ ‘ತಂಡದಲ್ಲಿ ಎಷ್ಟು ಜನ ಇದ್ರು? ಎಷ್ಟು ಜನ ಹೋದ್ರು? ಕಂಪನಿಯೇ ಕಳಿಸಿದವರನ್ನೂ ಸೇರಿಸಿದ್ದೀರಾ?’ ಎಂದು ಮೂರು ಪ್ರಶ್ನೆ ಕೇಳಿದರೆ ಸಾಕು, ಶೇ. 40 ಅಲ್ಲೇ ಕುಸಿಯುತ್ತದೆ.

ಹಾಗಾದರೆ ಏಜೆಂಟ್ ಏನು ಬರೆಯಬೇಕು? ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಅಂಕಿಗಳು ಕಲ್ಪಿತ, ಲೆಕ್ಕದ ರೀತಿ ಮಾತ್ರ ಫ್ಲೋರಿನ ಮೇಲೆ ನಡೆಯುವಂಥದ್ದೇ. ದಾವಣಗೆರೆ ಕಡೆಯಿಂದ ಬಂದ ಒಬ್ಬ ಹುಡುಗಿ, ಬ್ರಾಡ್‌ಬ್ಯಾಂಡ್ ಕಂಪನಿಯೊಂದರ ಕನ್ನಡ ಪ್ರೊಸೆಸ್‌ನಲ್ಲಿ ಎರಡೂವರೆ ವರ್ಷದಿಂದ ಕರೆ ತೆಗೆದುಕೊಳ್ಳುತ್ತಿದ್ದಾಳೆ. ಹೊಸ ಬ್ಯಾಚ್ ಬಂದಾಗ ಟಿಎಲ್ ಅವಳನ್ನು ‘ಬಡ್ಡಿ’ಯಾಗಿ ಕೂರಿಸಿದ್ದಾರೆ, ಅಂದರೆ ಹೊಸಬರು ನಿಜವಾದ ಕರೆ ತೆಗೆದುಕೊಳ್ಳಲು ಶುರು ಮಾಡುವ ವಾರಗಳಲ್ಲಿ ಪಕ್ಕದಲ್ಲಿ ನಿಂತು ನೋಡಿಕೊಳ್ಳುವವಳು. ಅವಳ ಪ್ರೊಫೈಲಿನಲ್ಲಿ ಸದ್ಯಕ್ಕಿರುವುದು ‘ಒಳಬರುವ ಕರೆಗಳ ನಿರ್ವಹಣೆ, ಎಲ್ಲ ಗುರಿಗಳ ಸಾಧನೆ, ಉತ್ತಮ ಸಂವಹನ ಕೌಶಲ’ ಎಂಬ ಸಾಲು. ಆ ಫ್ಲೋರಿನಲ್ಲಿರುವ ಯಾರ ಪ್ರೊಫೈಲಿಗೆ ಅಂಟಿಸಿದರೂ ಅದು ಹೊಂದುತ್ತದೆ.

ಕ್ವಾಲಿಟಿ ಸ್ಕೋರಿನಿಂದ ಶುರು ಮಾಡೋಣ, ಏಕೆಂದರೆ ಎಲ್ಲರೂ ಅದನ್ನೇ ಮೊದಲು ಬರೆಯುತ್ತಾರೆ. ತಿಂಗಳಿಗೆ ನೂರಾರು ಕರೆ ತೆಗೆದುಕೊಳ್ಳುವ ಏಜೆಂಟಿನ ಐದಾರು ಕರೆಗಳನ್ನು ಮಾತ್ರ ಕ್ವಾಲಿಟಿಯವರು ಆರಿಸಿ ಕೇಳುತ್ತಾರೆ. ಮಾತು ಶುರು ಮಾಡಿದ ರೀತಿ, ಸಮಸ್ಯೆಯನ್ನು ಕೆದಕಿ ಕೇಳಿದ್ದು, ಸರಿಯಾದ ಪರಿಹಾರ, ಹೋಲ್ಡ್‌ನಲ್ಲಿ ಹಾಕುವ ಮುಂಚೆ ಅನುಮತಿ ಕೇಳಿದ್ದು, ಕರೆಯನ್ನು ಸಿಸ್ಟಂನಲ್ಲಿ ಸರಿಯಾಗಿ ಟ್ಯಾಗ್ ಮಾಡಿದ್ದು, ಹೀಗೆ ನೂರು ಅಂಕ ಹಂಚಿರುತ್ತದೆ. ಇದರ ಜೊತೆಗೆ ‘ಫೇಟಲ್’ ಎಂಬುದೊಂದಿದೆ. ಗ್ರಾಹಕರು ಯಾರೆಂದು ಖಚಿತ ಮಾಡಿಕೊಳ್ಳದೆ ಖಾತೆಯ ವಿವರ ಹೇಳಿದರೆ, ತಪ್ಪು ಮಾಹಿತಿ ಕೊಟ್ಟರೆ, ಒರಟಾಗಿ ಮಾತಾಡಿದರೆ, ಉಳಿದದ್ದೆಲ್ಲ ಚೆನ್ನಾಗಿದ್ದರೂ ಆ ಕರೆಗೆ ಸೊನ್ನೆ.

ಐದು ಕರೆಗಳಲ್ಲಿ ನಾಲ್ಕಕ್ಕೆ 95 ಬಂದು ಒಂದು ಫೇಟಲ್ ಆದರೆ ತಿಂಗಳ ಸರಾಸರಿ 76. ಮುಂದಿನ ತಿಂಗಳು ಫೇಟಲ್ ಇಲ್ಲದಿದ್ದರೆ 95. ಏಜೆಂಟ್ ಹೆಚ್ಚುಕಮ್ಮಿ ಹಾಗೇ ಇದ್ದಾಳೆ, ಅಂಕ ಮಾತ್ರ 19 ಏರಿತು. ‘ಕ್ವಾಲಿಟಿಯನ್ನು 76ರಿಂದ 95ಕ್ಕೆ ಏರಿಸಿದೆ’ ಎಂಬ ಸಾಲನ್ನು ತಿಳಿದವರು ನಂಬದಿರುವುದು ಇದಕ್ಕೇ. ಮೇಲಾಗಿ ಒಬ್ಬ ಆಡಿಟರ್ 85 ಕೊಟ್ಟ ಕರೆಗೆ ಇನ್ನೊಬ್ಬರು 94 ಕೊಡುವುದುಂಟು. ಆ ಅಂತರ ಕಡಿಮೆ ಮಾಡಲೆಂದೇ ಎಲ್ಲರೂ ಒಟ್ಟಿಗೆ ಕೂತು ಒಂದೇ ಕರೆಗೆ ಅಂಕ ಹಾಕುವ ‘ಕ್ಯಾಲಿಬ್ರೇಷನ್’ ಸಭೆಗಳಿರುತ್ತವೆ.

ನಮ್ಮ ಹುಡುಗಿ ಒಂದು ತಿಂಗಳ ಅಂಕ ಬಿಟ್ಟು ಆರು ತಿಂಗಳದ್ದನ್ನು ಕೊಡಲಿ: 30 ಆಡಿಟ್, ಸರಾಸರಿ 93, ಒಂದು ಫೇಟಲ್, ಅದೇ ಅವಧಿಯಲ್ಲಿ ತಂಡದ ಸರಾಸರಿ 87. ಆ ಒಂದು ಫೇಟಲ್ಲನ್ನು ಮುಚ್ಚಿಡುವ ಆಸೆ ಸಹಜ. ನನ್ನ ಅಭಿಪ್ರಾಯದಲ್ಲಿ ಅದನ್ನು ಹೇಳುವುದೇ ಲಾಭ. ಪಕ್ಕದ 93 ನಂಬಿಕೆಗೆ ಅರ್ಹವೆನಿಸುವುದು ಅದರಿಂದಲೇ.

ಆದರೆ ಕ್ವಾಲಿಟಿ ಸ್ಕೋರನ್ನೇ ಪ್ರೊಫೈಲಿನ ತಲೆಯ ಮೇಲೆ ಕೂರಿಸಿದರೆ ಇನ್ನೊಂದು ತೊಡಕು. ಚೆನ್ನಾಗಿ ಕರೆ ಮಾಡುವ ಏಜೆಂಟಿಗೆ ಮುಂದೆ ದಾರಿಗಳು ಹಲವು: ಕ್ವಾಲಿಟಿ ಆಡಿಟರ್, ಟ್ರೇನರ್, ಎಸ್‌ಎಂಇ, ಟೀಂ ಲೀಡರ್. ಬರೀ ಸ್ಕೋರ್ ತೋರಿಸುವ ಪ್ರೊಫೈಲ್ ಅವಳನ್ನು ಆಡಿಟ್ ಕೆಲಸದ ಕಡೆಗೆ ತಳ್ಳುತ್ತದೆ. ಅವಳು ಒಳ್ಳೆಯ ಏಜೆಂಟ್ ಎಂಬುದಕ್ಕೆ ಸ್ಕೋರ್ ಸಾಕ್ಷಿ. ಇತರರಿಂದ ಕೆಲಸ ತೆಗೆಯಬಲ್ಲಳೇ ಎಂಬುದಕ್ಕೆ ಸಾಕ್ಷಿ ಕೋಚಿಂಗ್‌ನಲ್ಲಿದೆ. ಲಿಂಕ್ಡ್‌ಇನ್‌ನಲ್ಲಿ ಹೆಸರಿನ ಕೆಳಗಿನ ತಲೆಬರಹಕ್ಕೆ ಸಿಗುವುದು 220 ಅಕ್ಷರ. ಅದರಲ್ಲಿ ಕೋಚಿಂಗ್ ಮೊದಲು ಬರಬೇಕು, ಸ್ಕೋರ್ ಆಮೇಲೆ.

ಕೋಚಿಂಗ್ ಎಂದರೆ ಅವಳು ನಿಜವಾಗಿ ಏನು ಮಾಡಿದಳು? 12 ಜನರ ಬ್ಯಾಚಿನಲ್ಲಿ 6 ಮಂದಿ ಅವಳ ಕೈಕೆಳಗೆ ಬಂದರು. ವೈ-ಜ್ಯಾಕ್ ಹಾಕಿಕೊಂಡು, ಅಂದರೆ ಒಂದೇ ಕರೆಯನ್ನು ಇಬ್ಬರೂ ಹೆಡ್‌ಸೆಟ್ಟಿನಲ್ಲಿ ಕೇಳುವಂತೆ ಮಾಡಿಕೊಂಡು, ಅವರ ಪಕ್ಕ ಕೂತಳು. ಗ್ರಾಹಕರು ‘ನೆಟ್ ಬರ್ತಿಲ್ಲ’ ಎಂದ ಕೂಡಲೇ ಹೊಸಬರು ರೌಟರ್ ಆಫ್ ಮಾಡಿ ಆನ್ ಮಾಡಿ ಎಂದು ಪಾಠ ಒಪ್ಪಿಸುತ್ತಿದ್ದರು. ‘ಎಷ್ಟು ಹೊತ್ತಿನಿಂದ ಬರ್ತಿಲ್ಲ? ರೌಟರಲ್ಲಿ ಕೆಂಪು ಲೈಟ್ ಉರೀತಿದೆಯಾ?’ ಎಂದು ಯಾರೂ ಕೇಳುತ್ತಿರಲಿಲ್ಲ. ಕೆಂಪು ಲೈಟ್ ಇದ್ದರೆ ಸಾಮಾನ್ಯವಾಗಿ ದೋಷ ಹೊರಗಿನ ಕೇಬಲ್ಲಿನಲ್ಲಿ, ಎಷ್ಟು ಸಲ ಆಫ್-ಆನ್ ಮಾಡಿದರೂ ಸರಿಹೋಗದು. ಅದೇ ಗ್ರಾಹಕರು ಸಂಜೆ ಸಿಟ್ಟಿನಿಂದ ಮತ್ತೆ ಫೋನ್ ಮಾಡುತ್ತಿದ್ದರು. ಅವಳು ಆ ವಾರ ಬೇರೇನೂ ತಿದ್ದಲಿಲ್ಲ, ಆ ಎರಡು ಪ್ರಶ್ನೆಗಳನ್ನು ಮಾತ್ರ ಹಿಡಿದುಕೊಂಡಳು. ಮೂರು ದಿನ ಬಿಟ್ಟು ಮತ್ತೆ ಕರೆ ಕೇಳಿ, ಬದಲಾಗಿದೆಯೇ ಎಂದು ನೋಡಿ, ಟಿಎಲ್ ಕೊಟ್ಟ ಹಾಳೆಯಲ್ಲಿ ಗುರುತು ಹಾಕಿದಳು.

ಮೊದಲ ತಿಂಗಳು ಈ ಆರು ಜನರ ಸರಾಸರಿ ಕ್ವಾಲಿಟಿ 77, ಮೂರನೇ ತಿಂಗಳು 88. ಹನ್ನೊಂದು ಅಂಕ ಏರಿಸಿದೆ ಎಂದು ಬರೆಯಲು ಕೈ ತುರಿಸುತ್ತದೆ. ತಡೆಯಿರಿ. ಹೊಸಬರು ಯಾರೂ ಹೇಳಿಕೊಡದಿದ್ದರೂ ಮೂರು ತಿಂಗಳಲ್ಲಿ ಒಂದಿಷ್ಟು ಕಲಿಯುತ್ತಾರೆ. ಹಾಗಾಗಿ ಅದೇ ಬ್ಯಾಚಿನ ಉಳಿದ ಆರು ಮಂದಿಯನ್ನು ನೋಡಬೇಕು: ಅವರು 78ರಿಂದ 84ಕ್ಕೆ ಬಂದಿದ್ದಾರೆ. ಆರು ಅಂಕ ಎಲ್ಲರಿಗೂ ಬಂದದ್ದು, ಮೇಲಿನ ಐದು ಅವಳ ದುಡಿಮೆ ಎನ್ನಬಹುದು. ಹನ್ನೊಂದಕ್ಕಿಂತ ಐದು ಚಿಕ್ಕದು ನಿಜ, ಆದರೆ ಪ್ರಶ್ನೆ ಬಂದಾಗ ನಿಲ್ಲುವುದು ಐದೇ.

ಹಳಬರಿಗೆ ಕೋಚಿಂಗ್ ಕೊಟ್ಟವರಿಗೆ ಇಲ್ಲಿ ಬೇರೊಂದು ಬಲೆ ಇದೆ. ತಿಂಗಳ ಕೊನೆಗೆ ತೀರಾ ಕೆಳಗಿರುವ ಮೂವರನ್ನು ಆರಿಸಿ ‘ಇವರನ್ನು ಸರಿ ಮಾಡಿ’ ಎಂದು ಒಪ್ಪಿಸುವುದು ವಾಡಿಕೆ. ಐದು ಕರೆಗಳ ಸರಾಸರಿಯಲ್ಲಿ ತಳಕ್ಕೆ ಬಿದ್ದವರಲ್ಲಿ ಒಂದಿಬ್ಬರು ಒಂದು ಫೇಟಲ್ಲಿನ ದೆಸೆಯಿಂದ ಅಲ್ಲಿರುತ್ತಾರೆ. ಮುಂದಿನ ತಿಂಗಳು ತಾವಾಗಿಯೇ ಮೇಲೆ ಬರುತ್ತಾರೆ, ಹೆಸರು ಕೋಚ್‌ಗೆ ಬರುತ್ತದೆ. ಎರಡು ಮೂರು ತಿಂಗಳು ಏರಿಕೆ ನಿಂತಿದೆಯೇ ಎಂದು ನೋಡದೆ ಅದನ್ನು ಪ್ರೊಫೈಲಿಗೆ ಹಾಕಬಾರದು.

ಇನ್ನು ಅಟ್ರಿಷನ್. ಇಡೀ ತಂಡದ ಅಂಕಿ ಅವಳದಲ್ಲ, ಆದರೆ ಹೊಸಬರ ಮೊದಲ 90 ದಿನಗಳಲ್ಲಿ ಅವಳ ಪಾಲಿದೆ. ಕೆಲಸ ಬಿಡುವವರು ರಾಜೀನಾಮೆ ಪತ್ರ ಕೊಟ್ಟೇ ಹೋಗುತ್ತಾರೆಂದಿಲ್ಲ. ಕಾಲ್ ಸೆಂಟರ್‌ನಲ್ಲಿ ಎಷ್ಟೋ ಹೊಸಬರು ಒಂದು ದಿನ ಬರುವುದನ್ನೇ ನಿಲ್ಲಿಸುತ್ತಾರೆ. ಫೋನ್ ಸ್ವಿಚ್ ಆಫ್, ಪಟ್ಟಿಯಲ್ಲಿ ‘ಅಬ್‌ಸ್ಕಾಂಡ್’ ಎಂಬ ಷರಾ. ಅದಕ್ಕೂ ಮುಂಚೆ ಸೂಚನೆಗಳಿರುತ್ತವೆ: ಹೇಳದೆ ಹಾಕಿದ ಸೋಮವಾರದ ರಜೆ, ತಡವಾಗುವ ಲಾಗಿನ್, ಟೀಗೆ ಎಲ್ಲರ ಜೊತೆ ಬರುವುದನ್ನು ಬಿಟ್ಟದ್ದು, ಪಿಎಫ್ ಹಣ ಯಾವಾಗ ತೆಗೆಯಬಹುದು ಎಂಬ ವಿಚಾರಣೆ. ಟಿಎಲ್‌ಗೆ ಇವು ಕಾಣುವ ಮುಂಚೆ ಪಕ್ಕದಲ್ಲಿ ಕೂತವರಿಗೆ ಕಾಣುತ್ತವೆ.

ಅವಳ ಆರು ಜನರಲ್ಲಿ ಒಬ್ಬನಿಗೆ ಕ್ಯಾಬ್ ಎರಡು ಗಂಟೆ ಊರೆಲ್ಲ ಸುತ್ತಿಸುತ್ತಿತ್ತು, ಅದನ್ನು ಅವಳು ಟಿಎಲ್‌ಗೆ ಹೇಳಿ ರೂಟ್ ಬದಲಾಯಿತು. ಇನ್ನೊಬ್ಬಳು ಬೈಯುವ ಗ್ರಾಹಕರಿಗೆ ಹೆದರಿ ವಾಷ್‌ರೂಮಿನಲ್ಲಿ ಅಳುತ್ತಿದ್ದಳು. ಎರಡು ವಾರ ಅಂಥ ಕರೆ ಬಂದಾಗಲೆಲ್ಲ ಇವಳು ಎಳೆದುಕೊಂಡು ತಾನೇ ಮಾತಾಡಿದಳು, ಆಮೇಲೆ ಅವಳಿಂದಲೇ ಮಾತಾಡಿಸಿದಳು. ಮೂರನೆಯವನು ಊರಲ್ಲಿ ಅಪ್ಪನ ಅಂಗಡಿ ನೋಡಿಕೊಳ್ಳಲು ಹೋದ. ಅದಕ್ಕೆ ಯಾರೂ ಏನೂ ಮಾಡುವಂತಿರಲಿಲ್ಲ.

ಆದ್ದರಿಂದ ಅವಳ ಸಾಲಿನಲ್ಲಿ ಶೇಕಡಾವಾರು ಬೇಡವೇ ಬೇಡ. ಪ್ರೊಫೈಲ್ ಇಂಗ್ಲಿಷಿನಲ್ಲಿ ಇರುವುದೇ ರೂಢಿ. ತಾತ್ಪರ್ಯ ಹೀಗಿದ್ದರೆ ಸಾಕು: ‘12 ಜನರ ಹೊಸ ಬ್ಯಾಚಿನಲ್ಲಿ 6 ಮಂದಿಗೆ ಬಡ್ಡಿ. ಮೂರು ತಿಂಗಳಲ್ಲಿ ಅವರ ಸರಾಸರಿ ಕ್ವಾಲಿಟಿ 77ರಿಂದ 88ಕ್ಕೆ, ಬ್ಯಾಚಿನ ಉಳಿದವರದು 78ರಿಂದ 84ಕ್ಕೆ. ಆರರಲ್ಲಿ ಐವರು 90 ದಿನ ಪೂರೈಸಿದರು, ಉಳಿದ ಆರರಲ್ಲಿ ಮೂವರು. ಕ್ಯಾಬ್, ಶಿಫ್ಟ್ ತೊಂದರೆಗಳನ್ನು ಮೊದಲೇ ಗುರುತಿಸಿ ಟಿಎಲ್ ಗಮನಕ್ಕೆ ತಂದೆ.’ ಆರು ಜನರ ಲೆಕ್ಕ ಚಿಕ್ಕದೆಂದು ಓದುವವರಿಗೂ ಗೊತ್ತು. ಅವರು ಹುಡುಕುವುದು ಕಾರಣ ಬಲ್ಲವರನ್ನು.

ಸಾಕ್ಷಿಗೆಂದು ಡ್ಯಾಶ್‌ಬೋರ್ಡಿನ ಫೋಟೊ ಹಾಕುವವರಿದ್ದಾರೆ. ಗ್ರಾಹಕರ ಮಾಹಿತಿ ಕಾಣುವ ಫ್ಲೋರಿಗೆ ಮೊಬೈಲ್ ಒಯ್ಯಲು ಎಷ್ಟೋ ಕಡೆ ಅನುಮತಿಯೇ ಇಲ್ಲ, ಆದ್ದರಿಂದ ಆ ಫೋಟೊ ನಿಯಮ ಮುರಿದದ್ದಕ್ಕೇ ಪುರಾವೆ. ಕ್ಲೈಂಟ್ ಹೆಸರೂ ಒಪ್ಪಂದದ ಪ್ರಕಾರ ಗುಟ್ಟಾಗಿದ್ದರೆ ‘ಬ್ರಾಡ್‌ಬ್ಯಾಂಡ್ ಕಂಪನಿಯ ಕನ್ನಡ ಪ್ರೊಸೆಸ್’ ಎಂದರೆ ಸಾಲದೇ? ತನ್ನ ಅಂಕಗಳನ್ನು ತಿಂಗಳಿಗೊಮ್ಮೆ, ಯಾರ ಹೆಸರೂ ಇಲ್ಲದೆ, ಮನೆಯ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು. ಕೆಲಸ ಬಿಟ್ಟ ದಿನ ಐಡಿ ಬಂದ್ ಆದರೆ ಹಳೆಯ ಲೆಕ್ಕ ಕಾಣಲು ಬೇರೆ ದಾರಿಯಿಲ್ಲ.

ಹೊರಗೆ ಅರ್ಜಿ ಹಾಕುವ ಮುಂಚೆ ಐಜೆಪಿ, ಅಂದರೆ ಕಂಪನಿಯೊಳಗಿನ ಹುದ್ದೆಗೆ ಒಳಗಿನವರಿಂದ ಅರ್ಜಿ ಕರೆಯುವ ವ್ಯವಸ್ಥೆ, ಅವಳ ಮೊದಲ ಅವಕಾಶ. ಅಲ್ಲಿ ಪ್ರೊಫೈಲಿಗಿಂತ ಹೆಚ್ಚು ತೂಕ ಅಣಕು ಕೋಚಿಂಗ್‌ಗೆ. ಒಂದು ಕೆಟ್ಟ ಕರೆಯನ್ನು ಕೇಳಿಸಿ, ಎದುರಿಗೆ ಮ್ಯಾನೇಜರ್ ಒಬ್ಬರು ಏಜೆಂಟಿನಂತೆ ಕೂತು ‘ಸರಿ ಮೇಡಂ, ನನ್ನ ತಪ್ಪೇನು ಹೇಳಿ’ ಎನ್ನುತ್ತಾರೆ. ಅನೇಕರು ಉತ್ಸಾಹದಲ್ಲಿ ಏಳು ತಪ್ಪು ಪಟ್ಟಿ ಮಾಡಿ ಮುಗಿಸುತ್ತಾರೆ. ಆರು ಜನರ ಪಕ್ಕ ಕೂತವಳಾದರೆ ‘ನಿಮಗೆ ಈ ಕಾಲ್ ಹೇಗನ್ನಿಸ್ತು?’ ಎಂದು ಕೇಳಿ, ಬಂದ ಉತ್ತರದಿಂದ ಒಂದೇ ತಪ್ಪನ್ನು ಹಿಡಿದು, ‘ಗುರುವಾರ ಇನ್ನೆರಡು ಕಾಲ್ ಒಟ್ಟಿಗೆ ಕೇಳೋಣ’ ಎಂದು ದಿನ ಗೊತ್ತು ಮಾಡಿ ಏಳುತ್ತಾಳೆ.