ತಂತಿಯ ಬಿಗುವನ್ನು ಗಡಿಯಾರದಿಂದ ಅಳೆಯುವುದು

ಪದವಿ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದ ಒಂದು ಮೂಲೆಯಲ್ಲಿ, ಗೋಡೆಗೆ ಬಿಗಿದ ಕಬ್ಬಿಣದ ಚೌಕಟ್ಟಿನಿಂದ ತೆಳ್ಳನೆಯ ಹಿತ್ತಾಳೆ ತಂತಿಯೊಂದು ಇಳಿಬಿದ್ದಿರುತ್ತದೆ. ಅದರ ಕೆಳತುದಿಯಲ್ಲಿ ಊಟದ ತಟ್ಟೆಯಗಲದ ದಪ್ಪ ಲೋಹದ ಬಿಲ್ಲೆ. ಬಿಲ್ಲೆಯನ್ನು ಸ್ವಲ್ಪ ತಿರುಗಿಸಿ ಕೈಬಿಟ್ಟರೆ ತಂತಿ ಬಿಚ್ಚಿಕೊಳ್ಳಲು ನೋಡುತ್ತದೆ. ಬಿಲ್ಲೆ ಹಿಂದಕ್ಕೆ ತಿರುಗುತ್ತದೆ, ವೇಗದಲ್ಲಿ ನಿಲ್ಲಬೇಕಾದ ಜಾಗವನ್ನು ದಾಟಿ ಆಚೆಗೆ ಹೋಗುತ್ತದೆ, ತಂತಿ ಈಗ ಎದುರು ದಿಕ್ಕಿಗೆ ತಿರುಚಿಕೊಂಡು ಮತ್ತೆ ಎಳೆಯುತ್ತದೆ. ಇದೇ ತಿರುಚು ಲೋಲಕ. ವಿದ್ಯಾರ್ಥಿಗಳ ಬಾಯಲ್ಲಿ ಟಾರ್ಷನ್ ಪೆಂಡುಲಂ.

ಈ ಪ್ರಯೋಗ ಕೇಳುವ ಪ್ರಶ್ನೆ ಸರಳ: ತಂತಿಯನ್ನು ಇಷ್ಟು ಕೋನ ತಿರುಚಿದರೆ ಅದು ಎಷ್ಟು ಬಲವಾಗಿ ವಾಪಸು ತಿರುಗಿಸುತ್ತದೆ? ಈ ತಿರುಗಿಸುವ ಬಲಕ್ಕೆ ಟಾರ್ಕ್ ಎಂದು ಹೆಸರು. ಒಂದು ರೇಡಿಯನ್, ಅಂದರೆ ಸುಮಾರು 57 ಡಿಗ್ರಿ ತಿರುಚಿದಾಗ ತಂತಿ ತೋರುವ ಟಾರ್ಕೇ ಅದರ ತಿರುಚು ಸ್ಥಿರಾಂಕ. ಅದನ್ನು C ಎಂದು ಬರೆಯುತ್ತಾರೆ.

ನೇರವಾಗಿ ಅಳೆಯಬಹುದಲ್ಲವೇ ಎಂದು ಯಾರಾದರೂ ಕೇಳಬಹುದು. ಬಿಲ್ಲೆಯ ಅಂಚಿಗೆ ದಾರ ಸುತ್ತಿ, ರಾಟೆಯ ಮೇಲೆ ಹಾಯಿಸಿ, ತೂಕ ಕಟ್ಟಿ, ಎಷ್ಟು ತಿರುಗಿತೆಂದು ನೋಡಿದರೆ ಸಾಕಲ್ಲ? ದಪ್ಪ ಸಲಾಕೆಗೆ ಇದು ನಡೆಯುತ್ತದೆ. ಆದರೆ 60 ಸೆಂಟಿಮೀಟರ್ ಉದ್ದ, ಒಂದು ಮಿಲಿಮೀಟರ್ ದಪ್ಪದ ಹಿತ್ತಾಳೆ ತಂತಿಯನ್ನು ಒಂದು ರೇಡಿಯನ್ ತಿರುಚಲು, 10 ಸೆಂಟಿಮೀಟರ್ ತ್ರಿಜ್ಯದ ಬಿಲ್ಲೆಯ ಅಂಚಿನಲ್ಲಿ ಬೇಕಾದ ಎಳೆತ ಬರೀ 6 ಗ್ರಾಂ ತೂಕದಷ್ಟು. ರಾಟೆಯ ಘರ್ಷಣೆಯೇ ಇದರಲ್ಲಿ ಒಂದು ಪಾಲನ್ನು ನುಂಗಿಬಿಡುತ್ತದೆ. ಜೊತೆಗೆ ದಾರ ಪಕ್ಕಕ್ಕೆ ಎಳೆದು ತಂತಿಯನ್ನು ಓರೆ ಮಾಡುತ್ತದೆ. ಹಾಗಾಗಿ ಬಲವನ್ನು ಅಳೆಯುವ ಬದಲು ಕಾಲವನ್ನು ಅಳೆಯುತ್ತಾರೆ. ತಂತಿ ಬಿಗುವಾಗಿದ್ದಷ್ಟೂ ಬಿಲ್ಲೆ ಬೇಗ ಬೇಗ ಆಡುತ್ತದೆ.

ಒಂದು ಅಳತೆ, ಎರಡು ಅಜ್ಞಾತಗಳು

ಬಿಲ್ಲೆ ಒಮ್ಮೆ ಹೋಗಿ ಬರಲು ಹಿಡಿಯುವ ಕಾಲ, ಅಂದರೆ ಆವರ್ತಕಾಲ T, ಎರಡು ಸಂಗತಿಗಳನ್ನು ಅವಲಂಬಿಸಿದೆ. ಒಂದು ತಂತಿಯ C. ಇನ್ನೊಂದು ಬಿಲ್ಲೆಯ ತಿರುಗುವಿಕೆಯ ಜಡತ್ವ, ಅಂದರೆ ಪಠ್ಯಗಳಲ್ಲಿ ಬರುವ ಮೊಮೆಂಟ್ ಆಫ್ ಇನರ್ಷಿಯಾ. ಇದು ತೂಕವೊಂದನ್ನೇ ನೋಡುವುದಿಲ್ಲ, ತೂಕ ಅಕ್ಷದಿಂದ ಎಷ್ಟು ದೂರದಲ್ಲಿದೆ ಎಂಬುದನ್ನೂ ನೋಡುತ್ತದೆ. ಪಾರ್ಕಿನ ಮೆರ್ರಿ-ಗೋ-ರೌಂಡಿನ ನಡುವೆ ಮಕ್ಕಳು ಗುಂಪಾಗಿ ನಿಂತರೆ ಅದನ್ನು ತಿರುಗಿಸುವುದು ಸುಲಭ, ಅವರೇ ಅಂಚಿಗೆ ಸರಿದು ನಿಂತರೆ ಕಷ್ಟ. ದೂರ ಎರಡರಷ್ಟಾದರೆ ಜಡತ್ವದಲ್ಲಿ ಆ ತೂಕದ ಪಾಲು ನಾಲ್ಕರಷ್ಟಾಗುತ್ತದೆ.

ಬಿಲ್ಲೆಯ ಜಡತ್ವ I ಆದರೆ ಸೂತ್ರ ಹೀಗಿದೆ:

T² = 4π² I / C

ತೊಡಕು ಇಲ್ಲಿದೆ. ಗಡಿಯಾರ ಹೇಳುವುದು I ಮತ್ತು C ಗಳ ಅನುಪಾತವನ್ನು ಮಾತ್ರ. ಬಿಲ್ಲೆಯನ್ನು ತೂಗಿ, ತ್ರಿಜ್ಯ ಅಳೆದು I ಅನ್ನು ಲೆಕ್ಕ ಹಾಕೋಣವೆಂದರೆ, ಬಿಲ್ಲೆಯ ನಡುವೆ ತಂತಿ ಹಿಡಿಯುವ ಚಕ್ ಇದೆ, ಸ್ಕ್ರೂಗಳಿವೆ, ತೂಕ ಕೂರಿಸಲು ಕೊರೆದ ತೂತುಗಳಿವೆ. ಪುಸ್ತಕದ ನುಣುಪಾದ ಬಿಲ್ಲೆಯ ಸೂತ್ರ ಇವುಗಳ ಗೊಡವೆಗೆ ಹೋಗುವುದಿಲ್ಲ.

ಇದಕ್ಕೆ ಕಂಡುಕೊಂಡ ಉಪಾಯವೇ ಈ ಪ್ರಯೋಗದ ಜೀವಾಳ. I ಎಷ್ಟೆಂದು ಗೊತ್ತಿಲ್ಲದಿದ್ದರೂ ಅದನ್ನು ಗೊತ್ತಿರುವಷ್ಟು ಹೆಚ್ಚಿಸಬಹುದು. ಒಂದೇ ತೂಕದ ಎರಡು ಉರುಳೆಗಳನ್ನು ತಂತಿಯ ಎರಡೂ ಬದಿಗೆ ಸಮದೂರದಲ್ಲಿಡಿ. ಪ್ರತಿಯೊಂದರ ದ್ರವ್ಯರಾಶಿ m, ಅಕ್ಷದಿಂದ ದೂರ d. ಮೊದಲು ಒಳಗೆ d₁ ದೂರದಲ್ಲಿಟ್ಟು ಕಾಲ ನೋಡಿ, ಆಮೇಲೆ ಹೊರಗೆ d₂ ದೂರಕ್ಕೆ ಸರಿಸಿ ಮತ್ತೆ ನೋಡಿ. ಎರಡು ಸಮೀಕರಣಗಳನ್ನು ಒಂದರಿಂದ ಒಂದು ಕಳೆದರೆ ಬಿಲ್ಲೆ, ಚಕ್, ಸ್ಕ್ರೂ ಎಲ್ಲದರ ಜಡತ್ವವೂ ಹೊರಟುಹೋಗಿ ಉಳಿಯುವುದು ಇಷ್ಟೇ:

C = 8π² m (d₂² − d₁²) / (T₂² − T₁²)

ಬಲಬದಿಯಲ್ಲಿರುವುದೆಲ್ಲ ತಕ್ಕಡಿ, ಅಳತೆಪಟ್ಟಿ ಮತ್ತು ಸ್ಟಾಪ್‌ವಾಚಿಗೆ ಸಿಗುವಂಥದು. ತಂತಿಯ ದಪ್ಪವಾಗಲಿ, ಅದು ಯಾವ ಲೋಹದ್ದು ಎಂಬುದಾಗಲಿ ಇಲ್ಲಿ ಬೇಕಿಲ್ಲ.

ಒಂದು ಲೆಕ್ಕ

ಮೇಲೆ ಹೇಳಿದ ತಂತಿಗೆ ಒಂದೂವರೆ ಕಿಲೋ ಬಿಲ್ಲೆ ಕಟ್ಟಿ, 200 ಗ್ರಾಂನ ಎರಡು ಉರುಳೆಗಳನ್ನು ತೆಗೆದುಕೊಂಡಿದ್ದೇವೆ ಎಂದಿಟ್ಟುಕೊಳ್ಳೋಣ. ಬರೀ ಬಿಲ್ಲೆಯ ಆವರ್ತಕಾಲ 7.14 ಸೆಕೆಂಡ್. ಉರುಳೆಗಳು 4 ಸೆಂಟಿಮೀಟರ್ ದೂರದಲ್ಲಿದ್ದಾಗ 7.45, 6 ಸೆಂಟಿಮೀಟರ್ ದೂರದಲ್ಲಿ 7.80, 8 ಸೆಂಟಿಮೀಟರ್ ದೂರದಲ್ಲಿ 8.27 ಸೆಕೆಂಡ್.

4 ಮತ್ತು 8 ಸೆಂಟಿಮೀಟರಿನ ಜೋಡಿ ತೆಗೆದುಕೊಳ್ಳೋಣ. ಕಾಲಗಳ ವರ್ಗ 55.50 ಮತ್ತು 68.39, ವ್ಯತ್ಯಾಸ 12.89. ದೂರಗಳ ವರ್ಗದ ವ್ಯತ್ಯಾಸ 64 − 16 = 48 ಚದರ ಸೆಂಟಿಮೀಟರ್, ಅಂದರೆ 0.0048 ಚದರ ಮೀಟರ್. ಸೂತ್ರಕ್ಕೆ ಹಾಕಿದರೆ C ಸುಮಾರು 0.0059 ನ್ಯೂಟನ್ ಮೀಟರ್ ಪ್ರತಿ ರೇಡಿಯನ್. ಅಂಚಿನಲ್ಲಿ 6 ಗ್ರಾಂ ಎಂದು ಮೊದಲೇ ಹೇಳಿದ ಲೆಕ್ಕ ಬಂದಿದ್ದು ಇಲ್ಲಿಂದಲೇ.

ಇಲ್ಲಿ ಬಹಳ ಮಂದಿ ಎಡವುವ ಜಾಗವೊಂದಿದೆ. ಉರುಳೆಗಳನ್ನು ಸರಿಸುವ ಬದಲು, ಬರೀ ಬಿಲ್ಲೆಯ ಕಾಲವನ್ನೂ 4 ಸೆಂಟಿಮೀಟರಿನ ಕಾಲವನ್ನೂ ಹೋಲಿಸಿ, ಹೆಚ್ಚಿದ ಜಡತ್ವ 2md₁² ಎಂದು ಹಿಡಿದರೆ C 0.0056 ಬರುತ್ತದೆ. ಶೇಕಡ 5ರಷ್ಟು ಕಡಿಮೆ. ಗಡಿಯಾರದ್ದೇನೂ ತಪ್ಪಿಲ್ಲ. ಬಿಲ್ಲೆ ತಿರುಗುವಾಗ ಪ್ರತಿ ಉರುಳೆಯೂ ತಂತಿಯ ಸುತ್ತ ಚಲಿಸುವುದಷ್ಟೇ ಅಲ್ಲ, ತನ್ನದೇ ನಡುವಿನ ಸುತ್ತಲೂ ತಿರುಗುತ್ತದೆ. ಆ ಸಣ್ಣ ಜಡತ್ವವನ್ನು ಲೆಕ್ಕದಲ್ಲಿ ಬಿಟ್ಟಿದ್ದೇವೆ. ಉರುಳೆಗಳು ಎರಡೂ ಸಲ ಬಿಲ್ಲೆಯ ಮೇಲೇ ಇದ್ದು ಸ್ಥಳ ಮಾತ್ರ ಬದಲಾದರೆ, ಈ ಪಾಲು ಎರಡು ಕಡೆಯೂ ಒಂದೇ ಆಗಿದ್ದು ಕಳೆಯುವಾಗ ಹೋಗಿಬಿಡುತ್ತದೆ. ಇನ್ನೊಂದು ಅನುಕೂಲವೂ ಇದೆ. ತೂಗುವ ಭಾರ ಬದಲಾದರೆ ತಂತಿಯ ತಿರುಚು ಬಿಗುವೂ ತೀರಾ ಸ್ವಲ್ಪ ಬದಲಾಗುತ್ತದೆ. ಸರಿಸುವ ವಿಧಾನದಲ್ಲಿ ಒಟ್ಟು ಭಾರ ಬದಲಾಗುವುದೇ ಇಲ್ಲ.

ಎಣಿಸುವ ಕ್ರಮ

ಉತ್ತರ ನಿಂತಿರುವುದು ಎರಡು ದೊಡ್ಡ ಸಂಖ್ಯೆಗಳ ನಡುವಿನ ಸಣ್ಣ ವ್ಯತ್ಯಾಸದ ಮೇಲೆ. ಹಾಗಾಗಿ ಕಾಲದಲ್ಲಿ ಆಗುವ ಚಿಕ್ಕ ತಪ್ಪೂ ದೊಡ್ಡದಾಗಿ ಕಾಣಿಸುತ್ತದೆ. ಸ್ಟಾಪ್‌ವಾಚ್ ಒತ್ತುವಾಗ ಒಟ್ಟು 0.2 ಸೆಕೆಂಡ್ ಹೆಚ್ಚುಕಡಿಮೆ ಆಯಿತೆನ್ನಿ. 10 ಆಂದೋಲನ ಎಣಿಸಿದ್ದರೆ ಒಂದೊಂದಕ್ಕೆ 0.02 ಸೆಕೆಂಡಿನ ತಪ್ಪು, C ಯಲ್ಲಿ ಅದು ಶೇಕಡ 3ರಿಂದ 4ರಷ್ಟು ಆಗುತ್ತದೆ. 25 ಆಂದೋಲನ ಎಣಿಸಿದರೆ ಶೇಕಡ ಒಂದೂವರೆಯ ಒಳಗೆ ಬರುತ್ತದೆ. ಅದೇ 10 ಆಂದೋಲನದಲ್ಲಿ 8 ಸೆಂಟಿಮೀಟರಿನ ಬದಲು 6ರ ಓದನ್ನು ಬಳಸಿದರೆ ತಪ್ಪು ಶೇಕಡ 8ಕ್ಕೆ ಏರುತ್ತದೆ. ಎರಡು ಸ್ಥಾನಗಳ ನಡುವೆ ಬಿಲ್ಲೆ ಒದಗಿಸುವಷ್ಟೂ ಅಂತರ ಇಡಬೇಕೆನ್ನುವುದು ಇದಕ್ಕೇ.

ಬಿಲ್ಲೆಯ ಅಂಚಿನಲ್ಲಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ಎದುರಿಗೆ ಒಂದು ಸೂಚಿ ಇಡುತ್ತಾರೆ. ಬಿಲ್ಲೆ ನಿಶ್ಚಲವಾಗಿದ್ದಾಗ ಗೆರೆ ಸೂಚಿಯ ಮುಂದಿರಬೇಕು. ಎಣಿಸಬೇಕಾದದ್ದು ಗೆರೆ ಒಂದೇ ದಿಕ್ಕಿನಲ್ಲಿ ಸೂಚಿಯನ್ನು ದಾಟುವ ಗಳಿಗೆಗಳನ್ನು. ತುದಿಯಲ್ಲಿ ಬಿಲ್ಲೆ ನಿಂತಂತೆ ಕಾಣುವುದರಿಂದ ಅಲ್ಲಿ ಯಾವ ಕ್ಷಣ ಒತ್ತಬೇಕೆಂದು ತಿಳಿಯದು. ನಡುವೆ ಅದರ ವೇಗ ಅತಿ ಹೆಚ್ಚು, ಹಾಗಾಗಿ ಕ್ಷಣ ಸ್ಪಷ್ಟ. ಮೊದಲ ದಾಟುವಿಕೆಗೆ 'ಸೊನ್ನೆ' ಎನ್ನಬೇಕು. 'ಒಂದು' ಎಂದು ಶುರು ಮಾಡಿದರೆ ಒಂದು ಆಂದೋಲನವೇ ಲೆಕ್ಕ ತಪ್ಪುತ್ತದೆ.

ದೂರವನ್ನು ಅಳೆಯುವಾಗಲೂ ಒಂದು ಜಾಣ್ಮೆ ಉಂಟು. ಬಿಲ್ಲೆಯ ನಡುವೆ ಚಕ್ ಅಡ್ಡ ಇರುವುದರಿಂದ ತಂತಿಯಿಂದ ಉರುಳೆಗೆ ನೇರ ಅಳೆಯುವುದು ಕಷ್ಟ. ಎರಡು ಉರುಳೆಗಳ ನಡುಬಿಂದುಗಳ ಅಂತರ ಅಳೆದು ಅರ್ಧ ಮಾಡುವುದು ಒಳ್ಳೆಯದು. ಒಂದು ತುಸು ಹೊರಗೂ ಇನ್ನೊಂದು ಅಷ್ಟೇ ಒಳಗೂ ಇದ್ದರೆ ಆ ತಪ್ಪು ಹೆಚ್ಚುಕಡಿಮೆ ಪೂರ್ತಿ ಸರಿದೂಗುತ್ತದೆ.

ಪ್ರಯೋಗ ಕೆಟ್ಟದ್ದು ತಿಳಿಯುವುದು ಹೇಗೆ

ಬಿಲ್ಲೆಯನ್ನು ಒಂದೇ ಕೈಯಿಂದ ತಳ್ಳಿದರೆ ಅದು ತಿರುಗುವುದರ ಜೊತೆಗೆ ಉಯ್ಯಾಲೆಯಂತೆ ಪಕ್ಕಕ್ಕೂ ತೂಗತೊಡಗುತ್ತದೆ. ಗೆರೆ ಸೂಚಿಯನ್ನು ದಾಟುವ ಸಮಯ ಅಂಕೆ ತಪ್ಪುತ್ತದೆ. ಕಣ್ಣನ್ನು ಬಿಲ್ಲೆಯ ಮಟ್ಟಕ್ಕೆ ತಂದು ಪಕ್ಕದಿಂದ ನೋಡಿದರೆ ಅಂಚು ಅತ್ತಿತ್ತ ಸರಿಯುವುದು ಕಾಣುತ್ತದೆ. ಆಗ ನಿಲ್ಲಿಸಿ, ಎರಡೂ ಕೈಯಿಂದ ಎದುರುಬದುರು ಅಂಚುಗಳನ್ನು ಹಿಡಿದು ತಿರುಗಿಸಿ ಮೆಲ್ಲನೆ ಬಿಡಬೇಕು.

ಎರಡನೆಯದು ಚಕ್‌ನ ಹಿಡಿತ. ಸ್ಕ್ರೂ ಸಡಿಲವಿದ್ದರೆ ತಂತಿ ಒಳಗೇ ಜಾರುತ್ತದೆ. ಅತಿಯಾಗಿ ತಿರುಚಿದರೆ ಅಥವಾ ತಂತಿಯಲ್ಲಿ ಮುರುಕು ಇದ್ದರೆ ಲೋಹವೇ ಶಾಶ್ವತವಾಗಿ ತಿರುಚಿಕೊಳ್ಳುತ್ತದೆ. ಇವೆರಡೂ ಒಂದೇ ಗುರುತು ಬಿಡುತ್ತವೆ: ಆಟ ನಿಂತ ಮೇಲೆ ಗೆರೆ ಸೂಚಿಯ ಮುಂದೆ ಬಂದು ನಿಲ್ಲುವುದಿಲ್ಲ. ಹಾಗಾದಾಗ ಅಂದಿನ ಓದುಗಳನ್ನು ನೆಚ್ಚುವಂತಿಲ್ಲ. ಮಿತಿಯೊಳಗೆ ತಿರುಚಿದರೆ ಮಾತ್ರ 30 ಡಿಗ್ರಿಗೂ 60 ಡಿಗ್ರಿಗೂ ಆವರ್ತಕಾಲ ಒಂದೇ.

C ಯಿಂದ ಲೋಹದ ಬಿಗಿತ ಗುಣಾಂಕ n ಅನ್ನು ತೆಗೆಯುವಾಗ ಮಾತ್ರ ತಂತಿಯ ತ್ರಿಜ್ಯ r ಮತ್ತು ಉದ್ದ l ಬೇಕಾಗುತ್ತವೆ: n = 2lC / (πr⁴). ನಮ್ಮ ತಂತಿಗೆ ಇದು ಸುಮಾರು 3.6 × 10¹⁰ ಪಾಸ್ಕಲ್, ಹಿತ್ತಾಳೆಗೆ ಒಪ್ಪುವ ಬೆಲೆ. ಆದರೆ ಆ ನಾಲ್ಕನೆಯ ಘಾತ ನೋಡಿ. ಸ್ಕ್ರೂಗೇಜ್ ದಪ್ಪದಲ್ಲಿ 0.01 ಮಿಲಿಮೀಟರ್ ತಪ್ಪಿದರೆ, ಅಂದರೆ ಶೇಕಡ 1, n ನಲ್ಲಿ ಶೇಕಡ 4 ತಪ್ಪುತ್ತದೆ. ಆದ್ದರಿಂದ ಗೇಜಿನ ಸೊನ್ನೆ ತಪ್ಪನ್ನು ಮೊದಲೇ ನೋಡಿಕೊಂಡು, ತಂತಿಯ ಹಲವು ಕಡೆ, ಪ್ರತಿ ಕಡೆಯೂ ಒಂದಕ್ಕೊಂದು ಅಡ್ಡವಾದ ಎರಡು ದಿಕ್ಕುಗಳಲ್ಲಿ ಅಳೆಯಬೇಕು.

ಕೂಲಂಬ್, ಕ್ಯಾವೆಂಡಿಶ್

ತಂತಿಯ ಟಾರ್ಕ್ ತಿರುಚಿದ ಕೋನಕ್ಕೂ ದಪ್ಪದ ನಾಲ್ಕನೆಯ ಘಾತಕ್ಕೂ ಅನುಪಾತದಲ್ಲಿದೆ, ಉದ್ದ ಹೆಚ್ಚಿದಷ್ಟೂ ಕಡಿಮೆಯಾಗುತ್ತದೆ ಎಂದು 1784ರಲ್ಲಿ ತೋರಿಸಿದವರು ಫ್ರಾನ್ಸಿನ ಶಾರ್ಲ್ ಕೂಲಂಬ್. ಕಬ್ಬಿಣ ಮತ್ತು ಹಿತ್ತಾಳೆ ತಂತಿಗಳಿಗೆ ಭಾರ ತೂಗುಹಾಕಿ, ತಿರುಚಿ ಬಿಟ್ಟು, ಅವರೂ ಕಾಲವನ್ನೇ ಅಳೆದರು.

ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ 1797–98ರಲ್ಲಿ ಸೀಸದ ಗುಂಡುಗಳ ನಡುವಿನ ಗುರುತ್ವ ಸೆಳೆತವನ್ನು ಅಳೆಯಲು ಹೊರಟಾಗ ಅವರಿಗೂ ಬೇಕಾದದ್ದು ತಂತಿಯ ಬಿಗುವೇ. ಆರು ಅಡಿ ಉದ್ದದ ತೊಲೆಯ ಎರಡು ತುದಿಗೆ ಸಣ್ಣ ಗುಂಡುಗಳು, ನಡುವೆ ತಂತಿ. ಮೊದಲ ತಂತಿಯಲ್ಲಿ ತೊಲೆ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೋಗಲು ಸುಮಾರು 15 ನಿಮಿಷ ಹಿಡಿಯುತ್ತಿತ್ತು. ಅಷ್ಟು ಸಡಿಲ ತಂತಿ ಸರಿಹೋಗದೆ ಬಿಗುವಾದ ಇನ್ನೊಂದನ್ನು ಹಾಕಿದರು, ಕಾಲ ಸುಮಾರು 7 ನಿಮಿಷಕ್ಕೆ ಇಳಿಯಿತು. ಅಷ್ಟು ನಾಜೂಕಾದ ತಂತಿಯ ಬಿಗುವನ್ನು ತೂಕ ಕಟ್ಟಿ ಅಳೆಯುವ ಮಾತೇ ಇರಲಿಲ್ಲ. ಗುಂಡುಗಳ ತೂಕ, ದೂರ ಗೊತ್ತಿದ್ದವು, ಉಳಿದದ್ದನ್ನು ಆವರ್ತಕಾಲ ಹೇಳಿತು. ಆ ಲೆಕ್ಕದಿಂದ ಭೂಮಿಯ ಸಾಂದ್ರತೆ ನೀರಿನ 5.48 ಪಟ್ಟು ಎಂದು ಅವರು ಪ್ರಕಟಿಸಿದರು. ಇಂದಿನ ಬೆಲೆ ಸುಮಾರು 5.51.

ಕಾಲೇಜಿನಲ್ಲಿ ಈ ಪ್ರಯೋಗ ಮಾಡುವವರು ಎರಡೇ ಸ್ಥಾನಗಳಿಗೆ ತೃಪ್ತರಾಗಬಾರದು. ನಾಲ್ಕೈದು ದೂರಗಳಲ್ಲಿ ಕಾಲ ನೋಡಿ, d² ಅಡ್ಡಕ್ಕೆ, T² ಉದ್ದಕ್ಕೆ ಗುರುತು ಹಾಕಿ ನಕ್ಷೆ ಎಳೆಯಿರಿ. ಸರಳರೇಖೆ ಬರಬೇಕು, ಅದರ ಓಟದಿಂದ C ಸಿಗುತ್ತದೆ. ಒಂದು ಬಿಂದು ಮಾತ್ರ ರೇಖೆ ಬಿಟ್ಟು ದೂರ ಕೂತಿದ್ದರೆ ಅಲ್ಲಿ ಎಣಿಕೆ ತಪ್ಪಿದೆ. ರೇಖೆಯನ್ನು d ಸೊನ್ನೆಯಾಗುವವರೆಗೆ ಹಿಂದಕ್ಕೆ ಎಳೆದಾಗ ಅದು ಬರೀ ಬಿಲ್ಲೆಯ T² ಗಿಂತ ತುಸು ಮೇಲೆ ಅಕ್ಷವನ್ನು ಮುಟ್ಟಬೇಕು. ನಮ್ಮ ಲೆಕ್ಕದಲ್ಲಿ 50.98ರ ಬದಲು 51.2. ಆ ಅಂತರ ಉರುಳೆಗಳ ಸ್ವಂತ ಜಡತ್ವದ್ದು. ರೇಖೆ ಅದಕ್ಕಿಂತ ಕೆಳಗೆ ಮುಟ್ಟಿದರೆ ದೂರದ ಅಳತೆಯನ್ನೋ ಎಣಿಕೆಯನ್ನೋ ಮತ್ತೊಮ್ಮೆ ಪರೀಕ್ಷಿಸಬೇಕು.